ಕೊಲ್ಲಿಯ ದುಡಿಮೆ, ವಿಜಯಪುರದ ಮನೆ: ಸಾಲಕ್ಕೆ ಮುನ್ನ ಮಾಡಬೇಕಾದ ಲೆಕ್ಕ ಮತ್ತು ಕಾಗದಪತ್ರ

ಶಾರ್ಜಾದಲ್ಲಿ ಎ.ಸಿ. ಮೆಕ್ಯಾನಿಕ್ ಆಗಿರುವ, ಇಂಡಿ ತಾಲ್ಲೂಕಿನ 34 ವರ್ಷದ ಒಬ್ಬರನ್ನು ಲೆಕ್ಕಕ್ಕಾಗಿ ಎದುರಿಗೆ ಇಟ್ಟುಕೊಳ್ಳೋಣ. ತಿಂಗಳ ಸಂಬಳ 6,000 ದಿರ್ಹಂ, ವಸತಿ ಕಂಪನಿಯದು. ವಿಜಯಪುರ ನಗರದಲ್ಲಿ 35 ಲಕ್ಷ ರೂಪಾಯಿಯ ಮನೆಯೊಂದು ಅವರಿಗೆ ಹಿಡಿಸಿದೆ. ಒಂದು ದಿರ್ಹಂಗೆ 24 ರೂಪಾಯಿ ಎಂದು ಹಿಡಿದರೆ ಸಂಬಳ 1,44,000 ರೂಪಾಯಿ. ಸಂಬಳದ ಅರ್ಧದಷ್ಟು ಕಂತು ಕಟ್ಟಬಲ್ಲರು ಎಂದು ಬ್ಯಾಂಕ್ ಒಪ್ಪಿದರೆ, ಹದಿನೈದು ವರ್ಷದ ಅವಧಿಗೆ 70 ಲಕ್ಷಕ್ಕೂ ಮೀರಿದ ಸಾಲಕ್ಕೆ ಅವರು ಅರ್ಹರಾಗುತ್ತಾರೆ. ಆ ಮೊತ್ತ ಕೇಳಿ ಮನೆಯವರೆಲ್ಲ ಹಿಗ್ಗುತ್ತಾರೆ. ಆದರೆ ಈ ಲೆಕ್ಕದಲ್ಲಿ ಒಂದು ಪ್ರಶ್ನೆ ಬಿಟ್ಟುಹೋಗಿದೆ. ಅವರು ಹದಿನೈದು ವರ್ಷವೂ ಶಾರ್ಜಾದಲ್ಲಿ ಇರುತ್ತಾರೆಯೇ?

ಕೊಲ್ಲಿ ರಾಷ್ಟ್ರಗಳ ಕೆಲಸದ ವೀಸಾ ಎರಡು ಮೂರು ವರ್ಷಕ್ಕೊಮ್ಮೆ ನವೀಕರಣಗೊಳ್ಳುವಂಥದ್ದು. ಸಾಲ ಮಾತ್ರ ಹದಿನೈದು, ಇಪ್ಪತ್ತು ವರ್ಷದ್ದು. ಈ ಎರಡು ಅವಧಿಗಳ ನಡುವಿನ ಅಂತರದಲ್ಲೇ ನಿಜವಾದ ಅಪಾಯವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಾಲದ ಮೊತ್ತವನ್ನು ಇಂದಿನ ದಿರ್ಹಂ ಸಂಬಳದಿಂದ ಅಳೆಯಬಾರದು. ಊರಿಗೆ ಮರಳಿದ ಮೇಲೆ ಬರಬಹುದಾದ ರೂಪಾಯಿ ಸಂಪಾದನೆಯಿಂದ ಅಳೆಯಬೇಕು. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾಗದಪತ್ರಗಳು. ಅವು ಸರಿ ಇಲ್ಲದಿದ್ದರೆ ಲೆಕ್ಕ ಮಾಡುವ ಪ್ರಸಂಗವೇ ಬರುವುದಿಲ್ಲ.

ರಜೆಗೆ ಬರುವ ಮೊದಲೇ ಆಸ್ತಿಯ ಕಾಗದ ನೋಡಿ

ಒಂದು ತಿಂಗಳ ರಜೆಯಲ್ಲಿ ಬಂದು, ಮನೆ ನೋಡಿ, ಮುಂಗಡ ಕೊಟ್ಟು, ಆಮೇಲೆ ಬ್ಯಾಂಕಿಗೆ ಹೋಗುವವರೇ ಹೆಚ್ಚು. ಈ ಕ್ರಮ ತಲೆಕೆಳಗು. ಮುಂಗಡ ಕೊಡುವ ಮುನ್ನ ಮಾರುವವರಿಂದ ದಾಖಲೆಗಳ ನಕಲು ತರಿಸಿಕೊಂಡು, ಬ್ಯಾಂಕಿನ ಪಟ್ಟಿಯಲ್ಲಿರುವ ವಕೀಲರಿಂದ ಓದಿಸಬೇಕು. ನೀವು ವಿದೇಶದಲ್ಲಿರುವಾಗಲೇ ಮೊಬೈಲ್ ಮೂಲಕ ಇದನ್ನು ಮುಗಿಸಬಹುದು.

ಮೊದಲು ನೋಡಬೇಕಾದದ್ದು ಜಮೀನಿನ ಸ್ವರೂಪ. ಅನಿವಾಸಿ ಭಾರತೀಯರು ಭಾರತದಲ್ಲಿ ಮನೆ, ನಿವೇಶನ, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ಇದು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾದ ನಿಯಮ. ಕರ್ನಾಟಕದಲ್ಲಿ 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ಅದನ್ನೇ ಹಿಡಿದು ದಲ್ಲಾಳಿಗಳು 'ಈಗ ಯಾರು ಬೇಕಾದರೂ ಕೊಳ್ಳಬಹುದು' ಎನ್ನುತ್ತಾರೆ. ಆ ತಿದ್ದುಪಡಿ ರಾಜ್ಯದ ಕಾನೂನಿನದು. ಫೆಮಾ ಕೇಂದ್ರದ ಕಾನೂನು, ಅದು ಬದಲಾಗಿಲ್ಲ. ತಂದೆಯಿಂದ ವಾರಸಾ ಹಕ್ಕಿನಲ್ಲಿ ಬಂದ ಹೊಲ ನಿಮ್ಮ ಹೆಸರಿನಲ್ಲಿರಬಹುದು, ಹೊಸದಾಗಿ ಖರೇದಿ ಮಾಡುವಂತಿಲ್ಲ.

ಇದು ನಮ್ಮ ಭಾಗದಲ್ಲಿ ಏಕೆ ಮುಖ್ಯವೆಂದರೆ, ವಿಜಯಪುರದ ಹೊರವಲಯದಲ್ಲಾಗಲಿ, ಬೆಳಗಾವಿ, ಬಾಗಲಕೋಟೆಯ ಸುತ್ತಲಾಗಲಿ, ಬಿನ್‌ಶೇತ್ಕಿ ಆಗದ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗದ ಹೊಲವನ್ನೇ ಗುಂಟೆ ಲೆಕ್ಕದಲ್ಲಿ ಹಂಚಿ 'ಪ್ಲಾಟ್' ಎಂದು ಮಾರುವುದಿದೆ. ಖರೇದಿದಾರನ ಹೆಸರು ಹತ್ತಾರು ಜನರ ಜೊತೆ ಉತಾರದಲ್ಲಿ ಸೇರುತ್ತದೆ, ಅಷ್ಟೇ. ಆ ಪರಿವರ್ತನೆಗೆ ಜಿಲ್ಲಾಧಿಕಾರಿ ಕೊಡುವ ಎನ್.ಎ. ಆದೇಶ ಇರುವುದಿಲ್ಲ, ಅನುಮೋದಿತ ವಿನ್ಯಾಸ ನಕ್ಷೆ ಇರುವುದಿಲ್ಲ. ಕಾಗದದ ಮೇಲೆ ಅದು ಇನ್ನೂ ಹೊಲವೇ. ಬ್ಯಾಂಕ್ ಸಾಲ ಕೊಡುವುದಿಲ್ಲ, ಅನಿವಾಸಿಗೆ ಕೊಳ್ಳುವ ಹಕ್ಕೂ ಇಲ್ಲ. ಮುಂಗಡ ಕೊಟ್ಟ ಮೇಲೆ ಇದು ತಿಳಿದರೆ ಆ ಹಣ ಹಿಂದಕ್ಕೆ ಪಡೆಯಲು ವರ್ಷಗಳೇ ಬೇಕಾಗುತ್ತವೆ.

ಆದ್ದರಿಂದ ಎನ್.ಎ. ಆದೇಶದ ಪ್ರತಿ, ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ನಗರ ಯೋಜನಾ ಇಲಾಖೆಯ ಮಂಜೂರಾತಿ ಇರುವ ವಿನ್ಯಾಸ ನಕ್ಷೆ, ಮನೆ ಕಟ್ಟಲು ಪಡೆದ ಪರವಾನಗಿ, ಮಾರುವವರಿಗೆ ಹಕ್ಕು ಬಂದ ಹಿಂದಿನ ಖರೇದಿ ಪತ್ರ ಅಥವಾ ವಾಟ್ನಿ ಪತ್ರ, ಇ-ಖಾತೆ, ಋಣಭಾರ ಪ್ರಮಾಣಪತ್ರ ಇವಿಷ್ಟನ್ನೂ ಕೇಳಿ. ನಗರದ ಹಳೆಯ ಭಾಗವಾದರೆ ಸಿಟಿ ಸರ್ವೆ ಉತಾರವೂ ಬೇಕು. ಋಣಭಾರ ಪ್ರಮಾಣಪತ್ರವನ್ನು ಕಾವೇರಿ ತಂತ್ರಾಂಶದಲ್ಲಿ ನೀವೇ ಪಡೆಯಬಹುದು. ಮಾರುವವರು ಕೊಟ್ಟ ಹಳೆಯ ಪ್ರತಿಯನ್ನು ನಂಬಬೇಡಿ. ಹಳ್ಳಿಯ ಆಸ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ನೋಡಬೇಕು. ಖಾತೆ 'ಬಿ' ವರ್ಗದ್ದು ಅಥವಾ ನಮೂನೆ '11 ಬಿ' ಆಗಿದ್ದರೆ ಸಾಮಾನ್ಯವಾಗಿ ದೊಡ್ಡ ಬ್ಯಾಂಕುಗಳು ಹಿಂದೆ ಸರಿಯುತ್ತವೆ. ಬಾಗಲಕೋಟೆಯ ನವನಗರದಲ್ಲಿ ಕೊಳ್ಳುವವರು ಇನ್ನೊಂದು ವಿಷಯ ಗಮನಿಸಬೇಕು. ಅಲ್ಲಿನ ನಿವೇಶನಗಳು ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಬಾಗಲಕೋಟೆ ಪಟ್ಟಣಾಭಿವೃದ್ಧಿ ಪ್ರಾಧಿಕಾರ ರೂಪಿಸಿದ ಬಡಾವಣೆಗಳವು. ಮೂಲ ಹಂಚಿಕೆ ಪತ್ರ, ಮಾರಲು ಏನಾದರೂ ನಿರ್ಬಂಧವಿತ್ತೇ, ಅದು ತೀರಿದೆಯೇ ಎಂಬುದನ್ನು ಪ್ರಾಧಿಕಾರದ ಕಚೇರಿಯಲ್ಲೇ ಖಚಿತಪಡಿಸಿಕೊಳ್ಳಿ.

ಇನ್ನೊಂದು ಮಾತು ಬೆಲೆಯ ಬಗ್ಗೆ. ಮಾತಾದ ಬೆಲೆ 35 ಲಕ್ಷ, ಖರೇದಿ ಪತ್ರದಲ್ಲಿ 22 ಲಕ್ಷ, ಉಳಿದದ್ದು ಕೈಯಲ್ಲಿ ನಗದು ಎಂಬ ರೂಢಿ ನಮ್ಮಲ್ಲಿ ಇನ್ನೂ ಇದೆ. ಖರೇದಿ ಪತ್ರದ ಬೆಲೆ ಮತ್ತು ತನ್ನ ಮೌಲ್ಯಮಾಪಕರು ಹೇಳಿದ ಬೆಲೆ, ಇವೆರಡರಲ್ಲಿ ಕಡಿಮೆ ಇರುವುದನ್ನು ಬ್ಯಾಂಕ್ ಆಧಾರವಾಗಿ ಹಿಡಿಯುತ್ತದೆ. 22 ಲಕ್ಷದ ಪತ್ರಕ್ಕೆ 25 ಲಕ್ಷ ಸಾಲ ಸಿಗುವುದಿಲ್ಲ. ವಿದೇಶದಲ್ಲಿ ದುಡಿಯುವವರು 13 ಲಕ್ಷ ನಗದನ್ನು ಕಾನೂನಿನ ದಾರಿಯಲ್ಲಿ ತಂದುಕೊಡುವುದೂ ಸಾಧ್ಯವಿಲ್ಲ. ಪೂರ್ತಿ ಬೆಲೆಯನ್ನು ಪತ್ರದಲ್ಲಿ ಬರೆಯಲು ಒಪ್ಪದ ಮಾರಾಟಗಾರರನ್ನು ಬಿಟ್ಟುಬಿಡಿ. ಮನೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ವಿದೇಶದಿಂದ ತರಬೇಕಾದ ಕಾಗದಗಳು

ಇದು ಹೆಚ್ಚು ತೊಡಕಿನದಲ್ಲ. ಪಾಸ್‌ಪೋರ್ಟ್ ಮತ್ತು ವೀಸಾ, ನಿವಾಸಿ ಗುರುತಿನ ಚೀಟಿ, ಉದ್ಯೋಗ ಒಪ್ಪಂದ, ಕಂಪನಿಯ ಸಂಬಳ ಪ್ರಮಾಣಪತ್ರ, ಸಂಬಳ ಜಮೆಯಾಗುವ ಖಾತೆಯ ಕನಿಷ್ಠ ಆರು ತಿಂಗಳ ವಿವರ, ಪಾನ್ ಕಾರ್ಡ್, ಅಲ್ಲಿನ ವಿಳಾಸದ ಪುರಾವೆ. ಒಪ್ಪಂದ ಅರಬ್ಬಿಯಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದ ಬೇಕು. ಅಲ್ಲಿನ ಸಾಲದ ವರದಿಯನ್ನೂ ಬ್ಯಾಂಕ್ ಕೇಳಬಹುದು. ಯು.ಎ.ಇ.ಯಲ್ಲಿ ಅದನ್ನು ಅಲ್ ಎತಿಹಾದ್ ಕ್ರೆಡಿಟ್ ಬ್ಯೂರೋ ಕೊಡುತ್ತದೆ, ಸೌದಿಯಲ್ಲಿ ಸಿಮಾ ಸಂಸ್ಥೆ.

ತಡವಾಗುವುದು ಎರಡು ಕಡೆ. ಒಂದು, ಹೆಸರು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಸೇರಿ ಮೂರು ಪದ, ಪಾನ್‌ನಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಬೇರೆ ಕಾಗುಣಿತ. ಮೂರೂ ಒಬ್ಬರದೇ ಎಂದು ಪ್ರಮಾಣಪತ್ರ ಮಾಡಿಸಿದರೆ ಕೆಲವೊಮ್ಮೆ ನಡೆಯುತ್ತದೆ. ಆದರೆ ಖರೇದಿ ಪತ್ರದ ಹೆಸರು ಪಾಸ್‌ಪೋರ್ಟಿನ ಹೆಸರಿನಂತೆಯೇ ಇರಲಿ ಎಂದು ಬರಹಗಾರರಿಗೆ ಮೊದಲೇ ಹೇಳುವುದು ಒಳ್ಳೆಯದು. ಎರಡು, ಊರಿನ ಜಂಟಿ ಅರ್ಜಿದಾರರು. ತಂದೆಯನ್ನೋ ಅಣ್ಣನನ್ನೋ ಜೊತೆಗೆ ಸೇರಿಸಿದಾಗ ಅವರ ಸಿಬಿಲ್ ವರದಿಯನ್ನೂ ಬ್ಯಾಂಕ್ ತೆಗೆಯುತ್ತದೆ. ಕಟ್ಟದೆ ಬಿಟ್ಟ ಬೆಳೆ ಸಾಲ, ಬಾಕಿ ಉಳಿದ ಟ್ರ್ಯಾಕ್ಟರ್ ಕಂತು, ಗೆಳೆಯರಿಗೆ ಹಾಕಿದ ಜಾಮೀನು ಎಲ್ಲವೂ ಆಗ ಹೊರಬರುತ್ತವೆ. ಅರ್ಜಿ ಹಾಕುವ ಮೊದಲೇ ಆ ವರದಿಯನ್ನು ತೆಗೆದು ನೋಡಿ. ಬಾಕಿ ಇದ್ದರೆ ತೀರಿಸಿ, ಇಲ್ಲವೇ ಹೆಂಡತಿಯನ್ನು ಜಂಟಿ ಅರ್ಜಿದಾರರನ್ನಾಗಿ ಮಾಡಿ.

ಖಾತೆಯ ವಿಷಯವೂ ಇದೆ. ಕೆಲಸಕ್ಕೆಂದು ವಿದೇಶಕ್ಕೆ ಹೋದ ಮೇಲೆ ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ನಡೆಸುವಂತಿಲ್ಲ. ಅದನ್ನು ಎನ್‌.ಆರ್‌.ಓ. ಖಾತೆಯಾಗಿ ಬದಲಿಸಿ, ವಿದೇಶದ ಸಂಬಳಕ್ಕೆ ಬೇರೆ ಎನ್‌.ಆರ್‌.ಇ. ಖಾತೆ ತೆರೆಯಬೇಕು. ಕಂತು ಕಡಿತಕ್ಕೆ ಎನ್‌.ಆರ್‌.ಇ. ಖಾತೆಯೇ ಅನುಕೂಲ. ಅಗತ್ಯ ಬಿದ್ದರೆ ಊರಿನ ಹತ್ತಿರದ ಸಂಬಂಧಿಕರು ತಮ್ಮ ಖಾತೆಯಿಂದ ನೇರವಾಗಿ ಸಾಲದ ಖಾತೆಗೆ ಕಟ್ಟಲು ನಿಯಮದಲ್ಲಿ ಅವಕಾಶವಿದೆ. ಮನೆಯನ್ನು ಬಾಡಿಗೆಗೆ ಕೊಟ್ಟರೆ ಆ ಬಾಡಿಗೆಯಿಂದಲೂ ಕಟ್ಟಬಹುದು.

ಮುಖತ್ಯಾರ ಪತ್ರ: ಎಷ್ಟು ಅಧಿಕಾರ, ಯಾರಿಗೆ

ರಜೆ ಮುಗಿಯುವುದರೊಳಗೆ ಸಾಲ ಮಂಜೂರಾಗಿ ನೋಂದಣಿಯೂ ಮುಗಿಯುವುದು ಅಪರೂಪ. ಆದ್ದರಿಂದ ಊರಿನಲ್ಲಿ ನಿಮ್ಮ ಪರವಾಗಿ ಸಹಿ ಮಾಡುವವರು ಬೇಕು. ಇದಕ್ಕೆ ಪವರ್ ಆಫ್ ಅಟಾರ್ನಿ, ನಮ್ಮ ಮಾತಿನಲ್ಲಿ ಮುಖತ್ಯಾರ ಪತ್ರ. ಹೆಚ್ಚಿನ ಬ್ಯಾಂಕುಗಳು ತಮ್ಮದೇ ನಮೂನೆ ಇಟ್ಟುಕೊಂಡಿರುತ್ತವೆ. ಮೊದಲು ಆ ನಮೂನೆ ತರಿಸಿಕೊಳ್ಳಿ. ಹೊರಗೆ ಟೈಪ್ ಮಾಡಿಸಿದ್ದನ್ನು ಬ್ಯಾಂಕ್ ತಿರಸ್ಕರಿಸಿದರೆ ಎಲ್ಲ ಮತ್ತೆ ಮೊದಲಿನಿಂದ.

ವಿದೇಶದಲ್ಲಿರುವಾಗ ಮಾಡಿಸುವುದಾದರೆ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನ ಅಧಿಕಾರಿಯ ಎದುರು ಸಹಿ ಮಾಡಿ ದೃಢೀಕರಿಸಿಕೊಳ್ಳುವುದು ಸುರಕ್ಷಿತ ದಾರಿ. ಶಾರ್ಜಾದವರಿಗೆ ಅದು ದುಬೈ ಕಾನ್ಸುಲೇಟ್. ಮೂಲ ಪತ್ರವನ್ನು ಕೊರಿಯರ್‌ನಲ್ಲಿ ಕಳುಹಿಸಿ, ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿಯ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಈ ಮೂರು ತಿಂಗಳನ್ನು ಮರೆಯುವವರು ಬಹಳ. ಪತ್ರ ಬಂದ ದಿನಾಂಕ ತೋರಿಸುವ ಕೊರಿಯರ್ ಲಕೋಟೆಯನ್ನು ಹರಿದು ಎಸೆಯಬೇಡಿ. ರಜೆಯಲ್ಲಿ ಊರಿನಲ್ಲೇ ಇದ್ದರೆ ಉಪನೋಂದಣಾಧಿಕಾರಿಯ ಎದುರೇ ಮಾಡಿಸಿ, ಅದು ಇನ್ನೂ ಸುಲಭ.

ಪತ್ರದ ಒಳಗಿನ ಮಾತುಗಳೇ ಹೆಚ್ಚು ಮುಖ್ಯ. ಸಾಮಾನ್ಯ ಮುಖತ್ಯಾರ ಪತ್ರ ಕೊಡಬೇಡಿ. ವಿಶೇಷ ಮುಖತ್ಯಾರ ಪತ್ರ ಕೊಡಿ. ಆಸ್ತಿಯ ನಂಬರ್, ಅಳತೆ, ಚಕ್ಕುಬಂದಿ, ಸಾಲದ ಗರಿಷ್ಠ ಮೊತ್ತ ಇವನ್ನು ಅದರಲ್ಲೇ ಬರೆಸಿ. ಸಾಲದ ಅರ್ಜಿ ಮತ್ತು ಒಪ್ಪಂದಕ್ಕೆ ಸಹಿ, ಖರೇದಿ ನೋಂದಣಿ, ಬ್ಯಾಂಕಿಗೆ ಹಕ್ಕುಪತ್ರ ಒತ್ತೆ ಇಡುವುದು, ಖಾತೆ ಬದಲಾವಣೆ ಇಷ್ಟಕ್ಕೇ ಅಧಿಕಾರ ಇರಲಿ. ಮಾರುವ ಅಧಿಕಾರ, ಮತ್ತೆ ಸಾಲ ತೆಗೆಯುವ ಅಧಿಕಾರ ಬೇಡ. ಸ್ವಂತ ತಮ್ಮನಿಗೇ ಕೊಡುವಾಗ ಇಷ್ಟು ಬಿಗಿ ಏಕೆ ಎಂದು ಮನೆಯಲ್ಲಿ ಬೇಸರಪಟ್ಟುಕೊಳ್ಳಬಹುದು. ಆದರೆ ಇದು ನಂಬಿಕೆಯ ಪ್ರಶ್ನೆಯಲ್ಲ. ತಮ್ಮನ ವ್ಯಾಪಾರ ಮುಗ್ಗರಿಸಿದಾಗ ಸಾಲ ಕೊಟ್ಟವರು ಅವರ ಮೇಲೆ ಒತ್ತಡ ಹಾಕುತ್ತಾರೆ. ಪತ್ರದಲ್ಲಿ ಅಧಿಕಾರವೇ ಇಲ್ಲದಿದ್ದರೆ ಆ ಒತ್ತಡ ನಿಮ್ಮ ಮನೆಯ ತನಕ ಬರುವುದಿಲ್ಲ, ತಮ್ಮನಿಗೂ ಅದರಿಂದ ರಕ್ಷಣೆ. ಮತ್ತು ಖರೇದಿ ಪತ್ರ ನಿಮ್ಮ ಹೆಸರಿನಲ್ಲೇ ಇರಬೇಕು. ಮುಖತ್ಯಾರರಾದವರು ನಿಮ್ಮ ಪರವಾಗಿ ಸಹಿ ಮಾಡುತ್ತಾರೆಯೇ ಹೊರತು ಕೊಳ್ಳುವವರು ಅವರಲ್ಲ.

ಕೈಯಿಂದ ಹಾಕುವ ಹಣ

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಬೆಲೆಯ ಶೇ 90ನ್ನು ಮೀರುವಂತಿಲ್ಲ. 30ರಿಂದ 75 ಲಕ್ಷದವರೆಗೆ ಶೇ 80. ಇದು ಮೇಲಿನ ಮಿತಿ, ಬ್ಯಾಂಕ್ ಕಡಿಮೆ ಕೊಡಬಹುದು. ನಮ್ಮ ಮೆಕ್ಯಾನಿಕ್ 25 ಲಕ್ಷ ಸಾಲ ತೆಗೆದು 10 ಲಕ್ಷ ಕೈಯಿಂದ ಹಾಕುತ್ತಾರೆ ಎನ್ನೋಣ. ಇದರ ಮೇಲೆ ನೋಂದಣಿಯ ಖರ್ಚಿದೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ನಗರ ಪ್ರದೇಶದ ಸರ್ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲ ಸೇರಿ ಶೇ 7.6. ಅಂದರೆ 2,66,000 ರೂಪಾಯಿ. ಇಂಥ ಮನೆಗೆ ಸಾಲದ ಲೆಕ್ಕ ಹಾಕುವಾಗ ಬ್ಯಾಂಕ್ ಈ ಖರ್ಚನ್ನು ಬೆಲೆಯಲ್ಲಿ ಸೇರಿಸುವುದಿಲ್ಲ. ಹಾಗಾಗಿ ಕೈಯಲ್ಲಿ 10 ಲಕ್ಷವಲ್ಲ, ಸುಮಾರು 13 ಲಕ್ಷ ಇರಬೇಕು.

ಈ ಹಣ ಬ್ಯಾಂಕ್ ಮೂಲಕವೇ ಬರಬೇಕು. ಹವಾಲಾ ದಾರಿಯಲ್ಲಿ ಸ್ವಲ್ಪ ಹೆಚ್ಚು ದರ ಸಿಗುತ್ತದೆ ಎಂಬ ಆಸೆಗೆ ಬಿದ್ದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಕೈಯಿಂದ ಹಾಕಿದ 10 ಲಕ್ಷ ಎಲ್ಲಿಂದ ಬಂತೆಂದು ಬ್ಯಾಂಕ್ ಕೇಳುತ್ತದೆ, ಎನ್‌.ಆರ್‌.ಇ. ಖಾತೆಯ ವಿವರದಲ್ಲಿ ಅದು ಕಾಣಬೇಕು. ಹವಾಲಾ ಹಣಕ್ಕೆ ದಾಖಲೆ ಇಲ್ಲ, ಮೇಲಾಗಿ ಅದು ಫೆಮಾ ಉಲ್ಲಂಘನೆ.

ಇನ್ನು ಕೆಲವರು ಈ 10 ಲಕ್ಷಕ್ಕೆ ಅಲ್ಲಿನ ಬ್ಯಾಂಕಿನಲ್ಲೇ ವೈಯಕ್ತಿಕ ಸಾಲ ತೆಗೆಯುತ್ತಾರೆ. ಯು.ಎ.ಇ.ಯಲ್ಲಿ ಸಂಬಳದ 20 ಪಟ್ಟು ತನಕ, 48 ತಿಂಗಳ ಅವಧಿಗೆ ಅಂಥ ಸಾಲ ಸಿಗಬಹುದು. ನಾನು ಇದನ್ನು ಬೇಡ ಎನ್ನುತ್ತೇನೆ, ಕಾರಣ ಹೇಳುತ್ತೇನೆ. ಆ ಸಾಲ ದಿರ್ಹಂನಲ್ಲಿದೆ. ಕೆಲಸ ಹೋಗಿ ಊರಿಗೆ ಬಂದರೆ ರೂಪಾಯಿ ದುಡಿದು ದಿರ್ಹಂ ತೀರಿಸಬೇಕಾಗುತ್ತದೆ. ದಿರ್ಹಂಗೆ 22 ರೂಪಾಯಿ ಇದ್ದಾಗ ತೆಗೆದ 50,000 ದಿರ್ಹಂ 11 ಲಕ್ಷ. ದರ 24 ಆದರೆ ಅದೇ ಸಾಲ 12 ಲಕ್ಷ. ಜೊತೆಗೆ, ಕೆಲಸ ಬಿಡುವಾಗ ಬರುವ ಕೊನೆಯ ಲೆಕ್ಕದ ಹಣವನ್ನು ಬಾಕಿ ಸಾಲಕ್ಕಾಗಿ ಅಲ್ಲಿನ ಬ್ಯಾಂಕ್ ತಡೆಹಿಡಿಯಬಹುದು. ಊರಿಗೆ ಮರಳುವಾಗ ಆಧಾರವಾಗಬೇಕಾದ ಹಣವೇ ಕೈಗೆ ಸಿಗದಂತಾಗುತ್ತದೆ. ಕೈಹಣ ಸಾಲದಿದ್ದರೆ ಇನ್ನೆರಡು ವರ್ಷ ಕಾಯುವುದು ಲೇಸು.

ವಿನಿಮಯ ದರದ ಅಪಾಯ ಎಲ್ಲಿದೆ

ರೂಪಾಯಿ ಕುಸಿಯಿತು ಎಂಬ ಸುದ್ದಿ ಬಂದಾಗ ಗೃಹಸಾಲವಿರುವ ಅನಿವಾಸಿಗಳು ಗಾಬರಿಯಾಗುವುದುಂಟು. ಸಾಲ ರೂಪಾಯಿಯದು, ಸಂಬಳ ದಿರ್ಹಂನದು ಆಗಿದ್ದರೆ ರೂಪಾಯಿ ಕುಸಿತ ಅವರಿಗೆ ಅನುಕೂಲವೇ. ದಿರ್ಹಂ ಡಾಲರ್‌ಗೆ ಕಟ್ಟಿಹಾಕಿದ ಕರೆನ್ಸಿ. ಒಂದು ಡಾಲರ್‌ಗೆ 3.6725 ದಿರ್ಹಂ, 1997ರಿಂದ ಇದು ಬದಲಾಗಿಲ್ಲ. ಸೌದಿ ರಿಯಾಲ್ 3.75ಕ್ಕೆ ನಿಂತಿದೆ. ಆದ್ದರಿಂದ ಕೊಲ್ಲಿಯಲ್ಲಿರುವವರು ನೋಡಬೇಕಾದದ್ದು ಡಾಲರ್ ಮತ್ತು ರೂಪಾಯಿಯ ಸಂಬಂಧವನ್ನು. 2021ರಲ್ಲಿ ದಿರ್ಹಂಗೆ ಸುಮಾರು 20 ರೂಪಾಯಿ ಇತ್ತು, 2025ರ ಕೊನೆಗೆ 24 ದಾಟಿತ್ತು.

ಹಾಗಾದರೆ ಅಪಾಯವೇ ಇಲ್ಲವೇ? ಇದೆ, ಆದರೆ ಎದುರು ದಿಕ್ಕಿನಿಂದ. ರೂಪಾಯಿ ಬಲಗೊಳ್ಳುವ ಕಾಲವೂ ಬರುತ್ತದೆ. 2007ರ ಆರಂಭದಲ್ಲಿ ಡಾಲರ್‌ಗೆ 44 ರೂಪಾಯಿಯ ಆಸುಪಾಸಿನಲ್ಲಿದ್ದ ದರ ಆ ವರ್ಷದ ಕೊನೆಗೆ 39ರ ಹತ್ತಿರಕ್ಕೆ ಇಳಿದಿತ್ತು. ಒಂದೇ ವರ್ಷದಲ್ಲಿ ಹತ್ತಕ್ಕೆ ಒಂದು ಭಾಗಕ್ಕಿಂತ ಹೆಚ್ಚು. ಆದ್ದರಿಂದ ಸಾಲ ತೆಗೆಯುವಾಗ ಇಂದಿನ ದರದಲ್ಲಿ ಅಲ್ಲ, ಎಂಟರಲ್ಲಿ ಒಂದು ಭಾಗ ಕಡಿಮೆ ದರದಲ್ಲಿ ಕಂತನ್ನು ಲೆಕ್ಕ ಹಾಕಿ ನೋಡಿ.

25 ಲಕ್ಷ ಸಾಲ, ಶೇ 8.5 ಬಡ್ಡಿ, 15 ವರ್ಷ. ತಿಂಗಳ ಕಂತು 24,618 ರೂಪಾಯಿ. ದಿರ್ಹಂಗೆ 24 ಇದ್ದರೆ ಇದು 1,026 ದಿರ್ಹಂ. ದರ 21ಕ್ಕೆ ಇಳಿದರೆ 1,172. ಅಂತರ ತಿಂಗಳಿಗೆ 146 ದಿರ್ಹಂ. 6,000 ಸಂಬಳದವರಿಗೆ ಇದು ತಡೆದುಕೊಳ್ಳುವ ಮೊತ್ತ. ಅದೇ ವ್ಯಕ್ತಿ 70 ಲಕ್ಷ ಸಾಲ ತೆಗೆದಿದ್ದರೆ ಅಂತರವೇ 400 ದಿರ್ಹಂ ಮೀರುತ್ತಿತ್ತು. ಪೌಂಡ್, ಯೂರೋದಂತಹ ಕರೆನ್ಸಿಯಲ್ಲಿ ಸಂಬಳ ಪಡೆಯುವವರಿಗೆ ಡಾಲರ್‌ನ ಲಂಗರು ಇಲ್ಲ. ಅವರು ಐದರಲ್ಲಿ ಒಂದು ಭಾಗ ಕಡಿಮೆ ಹಿಡಿದು ಲೆಕ್ಕ ಹಾಕುವುದು ಒಳ್ಳೆಯದು.

ಒಳ್ಳೆಯ ದರ ಬರಲಿ ಎಂದು ಕಂತಿನ ಹಣವನ್ನು ಅಲ್ಲೇ ಹಿಡಿದಿಟ್ಟುಕೊಂಡು ಕಾಯಬೇಡಿ. ಇಪ್ಪತ್ತು ಪೈಸೆಯ ಆಸೆಗೆ ಕಂತು ತಪ್ಪಿದರೆ ದಂಡವೂ ಬೀಳುತ್ತದೆ, ಸಿಬಿಲ್ ವರದಿಯೂ ಕೆಡುತ್ತದೆ. ಎನ್‌.ಆರ್‌.ಇ. ಖಾತೆಯಲ್ಲಿ ಯಾವಾಗಲೂ ಮೂರು ಕಂತಿನಷ್ಟು ಹಣ ಮುಂಗಡವಾಗಿ ಇರುವಂತೆ ನೋಡಿಕೊಳ್ಳಿ. ಆಗ ಸಂಬಳ ಹತ್ತು ದಿನ ತಡವಾದರೂ, ಆ ವಾರ ದರ ಕೆಟ್ಟದಾಗಿದ್ದರೂ ತೊಂದರೆಯಿಲ್ಲ. ಹಣ ಕಳುಹಿಸುವಾಗ ಬೋರ್ಡಿನ ಮೇಲಿನ ದರವನ್ನು ಮಾತ್ರ ನೋಡದೆ, ಶುಲ್ಕ ಕಳೆದು ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಎಂಬುದನ್ನು ಹೋಲಿಸಿ.

ಮರಳುವ ದಿನಕ್ಕೆ ತಕ್ಕ ಕಂತು

ಈಗ ಮೊದಲು ಬಿಟ್ಟ ಲೆಕ್ಕಕ್ಕೆ ಬರುತ್ತೇನೆ. ನಮ್ಮ ಮೆಕ್ಯಾನಿಕ್ ಇನ್ನೈದು ವರ್ಷ ಅಲ್ಲಿದ್ದು ಮರಳುವ ಯೋಚನೆಯಲ್ಲಿದ್ದಾರೆ. ವಿಜಯಪುರದಲ್ಲಿ ಎ.ಸಿ., ಫ್ರಿಡ್ಜ್ ರಿಪೇರಿ ಅಂಗಡಿ ಇಟ್ಟರೆ ತಿಂಗಳಿಗೆ 35,000 ರೂಪಾಯಿ ಉಳಿಯಬಹುದು ಎಂದು ಅವರ ಅಂದಾಜು. ಅದರಲ್ಲಿ ಮನೆ ನಡೆಸಿ, ಮಕ್ಕಳನ್ನು ಓದಿಸಿ, ಕಂತಿಗೆ 12,000 ತೆಗೆಯಬಹುದು, ಅದಕ್ಕಿಂತ ಹೆಚ್ಚಿಲ್ಲ.

ಐದು ವರ್ಷ ತಪ್ಪದೆ ಕಂತು ಕಟ್ಟಿದರೂ ಬಾಕಿ ಅಸಲು ಸುಮಾರು 19.86 ಲಕ್ಷ ಇರುತ್ತದೆ. ಇದು ಹಲವರಿಗೆ ಆಘಾತ ತರುತ್ತದೆ: ಸುಮಾರು 14.8 ಲಕ್ಷ ಕಟ್ಟಿದ್ದೇವೆ, ಅಸಲು ಇಳಿದದ್ದು ಐದು ಲಕ್ಷ ಮಾತ್ರವೇ ಎಂದು. ಮೊದಲ ವರ್ಷಗಳ ಕಂತಿನಲ್ಲಿ ಬಡ್ಡಿಯ ಪಾಲೇ ದೊಡ್ಡದು. ಉಳಿದ ಹತ್ತು ವರ್ಷಕ್ಕೆ 12,000 ಕಂತು ಹೊರಬಲ್ಲ ಸಾಲ ಎಷ್ಟು ಎಂದು ನೋಡಿದರೆ ಸುಮಾರು 9.68 ಲಕ್ಷ. ಅಂದರೆ ಮರಳುವ ದಿನಕ್ಕೆ 10.18 ಲಕ್ಷ ಹೆಚ್ಚುವರಿಯಾಗಿ ತೀರಿರಬೇಕು.

ಐದು ವರ್ಷದಲ್ಲಿ ಇದನ್ನು ತೀರಿಸಲು ಕಂತಿನ ಜೊತೆ ಪ್ರತಿ ತಿಂಗಳು ಸುಮಾರು 13,700 ರೂಪಾಯಿ ಅಸಲಿಗೆ ಕಟ್ಟಬೇಕು. ಒಟ್ಟು 38,300 ರೂಪಾಯಿ, 24ರ ದರದಲ್ಲಿ ಸುಮಾರು 1,600 ದಿರ್ಹಂ. 6,000 ಸಂಬಳ, ಪುಕ್ಕಟೆ ವಸತಿ ಇರುವವರಿಗೆ ಇದು ಸಾಧ್ಯ. ಸಾಧ್ಯವಿಲ್ಲ ಎನಿಸಿದರೆ 25 ಲಕ್ಷ ಸಾಲ ನಿಮಗೆ ದೊಡ್ಡದು ಎಂದು ಅರ್ಥ. ಸಣ್ಣ ಮನೆ ನೋಡಿ. ವ್ಯಕ್ತಿಗಳು ತೆಗೆದ, ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಲು ಬ್ಯಾಂಕ್ ದಂಡ ಹಾಕುವಂತಿಲ್ಲ. ಆದರೆ ಹೆಚ್ಚುವರಿ ಹಣ ಅಸಲಿಗೇ ಜಮೆಯಾಗಿದೆಯೇ, ಅಥವಾ ಮುಂದಿನ ಕಂತಿನ ಮುಂಗಡವೆಂದು ಹಾಗೇ ಬಿದ್ದಿದೆಯೇ ಎಂದು ಸಾಲದ ಖಾತೆಯ ವಿವರದಲ್ಲಿ ನೋಡಿ. ಮರಳುವ ಸಮಯದಲ್ಲಿ ಬ್ಯಾಂಕಿಗೆ ಅರ್ಜಿ ಕೊಟ್ಟು, ಇಳಿದ ಅಸಲಿಗೆ ತಕ್ಕಂತೆ ಕಂತನ್ನು ಇಳಿಸಿಕೊಳ್ಳಬೇಕು. ಕೇಳದಿದ್ದರೆ ಕಂತು 24,618ರಲ್ಲೇ ಉಳಿದು ಅವಧಿ ಮಾತ್ರ ಕಡಿಮೆಯಾಗುತ್ತದೆ.

ಒಂದು ಕ್ರಮ ಪಾಲಿಸಿ. ಮೊದಲು ಆರು ಕಂತಿನಷ್ಟು, ಅಂದರೆ ಒಂದೂವರೆ ಲಕ್ಷ ರೂಪಾಯಿಯನ್ನು ಎನ್‌.ಆರ್‌.ಇ. ಠೇವಣಿಯಲ್ಲಿ ಕೂಡಿಡಿ. ಅದು ತುಂಬಿದ ಮೇಲೆಯೇ ಅಸಲಿಗೆ ಹೆಚ್ಚುವರಿ ಕಟ್ಟಲು ತೊಡಗಿ. ಅಷ್ಟು ತಿಂಗಳು ತಡವಾದದ್ದನ್ನು ಮುಂದೆ ಬೋನಸ್ ಬಂದಾಗ ಸರಿದೂಗಿಸಿದರಾಯಿತು. ಅಸಲಿಗೆ ಕಟ್ಟಿದ ಹಣ ಕಷ್ಟಕಾಲದಲ್ಲಿ ವಾಪಸು ಬರುವುದಿಲ್ಲ, ಠೇವಣಿಯದು ಬರುತ್ತದೆ. ಕೆಲಸ ಬಿಡುವಾಗಿನ ಗ್ರಾಚ್ಯುಟಿಯನ್ನು ನೆಚ್ಚಿ ಕೂರುವವರಿಗೆ ಒಂದು ಲೆಕ್ಕ: ಯು.ಎ.ಇ.ಯಲ್ಲಿ ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನ ಮಾತ್ರ. ಒಟ್ಟು ಸಂಬಳ 6,000 ಇದ್ದು ಮೂಲ ವೇತನ 3,000 ಆಗಿದ್ದರೆ ಐದು ವರ್ಷಕ್ಕೆ ಬರುವುದು 10,500 ದಿರ್ಹಂ, ಸುಮಾರು ಎರಡೂವರೆ ಲಕ್ಷ ರೂಪಾಯಿ. ಅಂಗಡಿ ಇಡಲು ಅದು ಬೇಕಾಗುತ್ತದೆ, ಸಾಲದ ಲೆಕ್ಕಕ್ಕೆ ಸೇರಿಸಬೇಡಿ.

ಬಡ್ಡಿ ಏರಿದಾಗ

2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯೊಳಗೆ ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಶೇ 4ರಿಂದ 6.5ಕ್ಕೆ ಏರಿತ್ತು. ಆಗ ಬಹಳ ಮಂದಿಯ ಕಂತು ಬದಲಾಗಲಿಲ್ಲ, ಅವಧಿ ಮಾತ್ರ ಸದ್ದಿಲ್ಲದೆ ಉದ್ದವಾಯಿತು. ನಮ್ಮ ಉದಾಹರಣೆಯಲ್ಲಿ ಆರಂಭದಲ್ಲೇ ಬಡ್ಡಿ 8.5ರಿಂದ 10ಕ್ಕೆ ಏರಿ, ಕಂತು ಹಾಗೆಯೇ ಉಳಿದರೆ 15 ವರ್ಷದ ಸಾಲ 18 ವರ್ಷ 10 ತಿಂಗಳಿಗೆ ಹಿಗ್ಗುತ್ತದೆ. ಹೆಚ್ಚಾದ ವರ್ಷಗಳೆಲ್ಲ ರೂಪಾಯಿ ಸಂಪಾದನೆಯ ವರ್ಷಗಳು. ಅವಧಿ ಹಾಗೇ ಇಟ್ಟು ಕಂತು ಏರಿಸಿಕೊಂಡರೆ ಹೆಚ್ಚುವುದು 2,250 ರೂಪಾಯಿಯಷ್ಟು, ನೂರು ದಿರ್ಹಂಗಿಂತ ಕಡಿಮೆ. ಈ ಆಯ್ಕೆಯನ್ನು ಸಾಲಗಾರರಿಗೆ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿದೆ. ದಿರ್ಹಂ ಬರುತ್ತಿರುವ ತನಕ ಕಂತು ಏರಿಸುವ ಆಯ್ಕೆಯನ್ನೇ ಹಿಡಿಯಿರಿ, ಅದನ್ನು ಲಿಖಿತವಾಗಿ ಕೊಡಿ.

ಕೆಲಸ ಹೋದರೆ, ಅಥವಾ ಊರಿಗೆ ಮರಳಿದರೆ

ಕೆಲಸ ಹೋಗುವ ಸೂಚನೆ ಸಿಕ್ಕ ಕೂಡಲೇ ಅಸಲಿಗೆ ಹೆಚ್ಚುವರಿ ಕಟ್ಟುವುದನ್ನು ನಿಲ್ಲಿಸಿ, ಬಂದದ್ದೆಲ್ಲವನ್ನೂ ಎನ್‌.ಆರ್‌.ಇ. ಖಾತೆಯಲ್ಲಿ ಇಟ್ಟುಕೊಳ್ಳಿ. ಕಂತು ತಪ್ಪುವ ಮೊದಲೇ ಶಾಖೆಗೆ ಪತ್ರ ಬರೆದು ಅವಧಿ ವಿಸ್ತರಿಸಲು ಕೇಳಿ. ಮೂರು ಕಂತು ಬಾಕಿಯಾಗಿ ಖಾತೆ ಅನುತ್ಪಾದಕ ಎಂದಾದ ಮೇಲೆ ಬ್ಯಾಂಕಿನವರ ಕೈಯೂ ಕಟ್ಟಿಹೋಗಿರುತ್ತದೆ.

ನೆಲೆಸಲೆಂದು ಊರಿಗೆ ಬಂದ ಮೇಲೆ ಬ್ಯಾಂಕಿಗೆ ತಿಳಿಸಿ ಎನ್‌.ಆರ್‌.ಇ. ಮತ್ತು ಎನ್‌.ಆರ್‌.ಓ. ಖಾತೆಗಳನ್ನು ನಿವಾಸಿ ಖಾತೆಗಳಾಗಿ ಬದಲಿಸಬೇಕು. ಇಲ್ಲೊಂದು ತೊಡಕು ಕಾಣದಂತೆ ಇರುತ್ತದೆ. ಕಂತು ಕಡಿತದ ಆದೇಶ ಹಳೆಯ ಖಾತೆಗೆ ಕೊಟ್ಟದ್ದಾಗಿರುತ್ತದೆ. ಖಾತೆ ಬದಲಾದ ತಿಂಗಳೇ ಕಂತು ವಾಪಸಾಗಿ ದಂಡ ಬೀಳಬಹುದು. ಹೊಸ ಖಾತೆಯಿಂದ ಕಡಿತದ ಆದೇಶ ಕೊಟ್ಟು, ಮೊದಲ ಕಂತು ಕಡಿತವಾದದ್ದನ್ನು ನೋಡಿದ ಮೇಲೆಯೇ ಹಳೆಯದನ್ನು ಬಿಡಿ. ಮುಖತ್ಯಾರ ಪತ್ರವನ್ನೂ ಆಗಲೇ ರದ್ದುಪಡಿಸಿ, ರದ್ದತಿಯ ಪ್ರತಿಯನ್ನು ಬ್ಯಾಂಕಿಗೆ ಕೊಡಿ.

ಸಾಲ ಪೂರ್ತಿ ತೀರಿದ ಮೇಲೆ ಮೂಲ ಹಕ್ಕುಪತ್ರಗಳನ್ನು ಬ್ಯಾಂಕ್ 30 ದಿನದೊಳಗೆ ಹಿಂದಿರುಗಿಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವಿದೆ. ಪತ್ರಗಳನ್ನು ಪಡೆಯುವಾಗ ಒಪ್ಪಿಸಿದ ದಿನದ ಪಟ್ಟಿಯೊಂದಿಗೆ ಒಂದೊಂದನ್ನೂ ತಾಳೆ ನೋಡಿ. ಬಳಿಕ ಉಪನೋಂದಣಿ ಕಚೇರಿಯಲ್ಲಿ ಒತ್ತೆಯ ಬಿಡುಗಡೆ ನೋಂದಾಯಿಸಿ, ಹೊಸ ಋಣಭಾರ ಪ್ರಮಾಣಪತ್ರ ತೆಗೆದು, ಬ್ಯಾಂಕಿನ ಒತ್ತೆಯ ಜೊತೆಗೆ ಅದರ ಬಿಡುಗಡೆಯೂ ದಾಖಲಾಗಿದೆಯೇ ಎಂದು ಪರಿಶೀಲಿಸಿಕೊಳ್ಳಿ.